ಸುರಪುರ ದಾಟಿ ಮೂರು ಕಿಲೋಮೀಟರ್

ಭಾನುವಾರ ಬೆಳಿಗ್ಗೆ ಚಹಾ ಮುಗಿಸಿ ಮಕ್ಕಳಿಗೆ ಸರಾಸರಿ ವೇಗದ ಲೆಕ್ಕ ಕಟ್ಟುತ್ತ ಕೂರುವುದೆಂದರೆ ನನಗೆ ಬಲು ಇಷ್ಟ. ಬಸ್ಸು ಯಾದಗಿರಿ ಬಿಟ್ಟು, ಭೀಮಾ ನದಿ ದಾಟಿ ಶಹಾಪುರಕ್ಕೆ ಬರುತ್ತದೆ, ಅಲ್ಲಿಂದ ಸುರಪುರಕ್ಕೆ ಹೋಗುತ್ತದೆ. ಶಹಾಪುರದ ಬೆಟ್ಟದಲ್ಲಿ ಮಲಗಿದ ಬುದ್ಧನನ್ನು ಕಿಟಕಿಯಿಂದ ನೋಡಿದ ಮಕ್ಕಳಿಗೆ ಇದು ಗೊತ್ತಿರುವ ದಾರಿ. ದೂರವನ್ನು ಮಾತ್ರ ಲೆಕ್ಕಕ್ಕೆ ಒಗ್ಗುವಂತೆ 36 ಮತ್ತು 24 ಕಿ.ಮೀ. ಎಂದು ಇಟ್ಟುಕೊಳ್ಳುತ್ತೇನೆ. ಯಾವ ವೇಗ ಕೊಡಬೇಕು ಎಂಬುದರಲ್ಲೇ ಕಸುಬೆಲ್ಲ ಇದೆ.

ಮೊದಲ ಸಲ ಶಹಾಪುರದವರೆಗೆ ಗಂಟೆಗೆ 36 ಕಿ.ಮೀ., ಆಮೇಲೆ ಗಂಟೆಗೆ 24 ಕಿ.ಮೀ. ಎಂದು ಕೊಟ್ಟಿದ್ದೆ. ಇಡೀ ತರಗತಿಯ ಉತ್ತರ 30. ಹಿಗ್ಗಿನಿಂದ ಎಲ್ಲರಿಗೂ ರೈಟು ಹಾಕಿದೆ. ರಾತ್ರಿ ಹಾಳೆಗಳನ್ನು ಮತ್ತೆ ತೆಗೆದು ನೋಡಿದರೆ ಎಲ್ಲ ಕಡೆ ಒಂದೇ ಸಾಲು: (36 + 24) ÷ 2. ಅದು 60 ಕಿ.ಮೀ. ದೂರವನ್ನು 2 ಗಂಟೆಯಿಂದ ಭಾಗಿಸಿದ್ದೋ, ಎರಡು ವೇಗ ಕೂಡಿಸಿ ಅರ್ಧ ಮಾಡಿದ್ದೋ ಹೇಳುವ ದಾರಿಯೇ ಇರಲಿಲ್ಲ. ಎರಡೂ ಹಂತಕ್ಕೆ ಒಂದೊಂದು ಗಂಟೆ ಹಿಡಿದಿತ್ತು. ಸಮಯ ಸಮವಾಗಿದ್ದರೆ ತಪ್ಪು ದಾರಿಯೂ ಸರಿಯಾದ ಊರಿಗೇ ತಲುಪುತ್ತದೆ. ಆ ಪ್ರಶ್ನೆ ಯಾರನ್ನೂ ಹಿಡಿಯಲಿಲ್ಲ, ಯಾರಿಗೂ ಕಲಿಸಲಿಲ್ಲ.

ಈಗ ಎರಡನೆಯ ಹಂತಕ್ಕೆ 48 ಕೊಡುತ್ತೇನೆ. 36 ಕಿ.ಮೀ.ಗೆ ಒಂದು ಗಂಟೆ, 24 ಕಿ.ಮೀ.ಗೆ ಅರ್ಧ ಗಂಟೆ. ಒಟ್ಟು 60 ಕಿ.ಮೀ., ಒಂದೂವರೆ ಗಂಟೆ. ಸರಾಸರಿ 40. ವೇಗಗಳನ್ನೇ ಕೂಡಿಸಿ ಅರ್ಧ ಮಾಡಿದವರಿಗೆ 42 ಬರುತ್ತದೆ. ಅದೂ ಪೂರ್ಣ ಸಂಖ್ಯೆಯೇ ಆಗಿರಬೇಕು, ನನ್ನ ಹಟ ಅದು. ದಶಮಾಂಶ ಬಂದರೆ ಮಕ್ಕಳು ಅನುಮಾನಪಟ್ಟು ಅಳಿಸಿಬಿಡುತ್ತಾರೆ. ಅವರ ಮನಸ್ಸಿನಲ್ಲಿದ್ದ ತಪ್ಪು ನನ್ನ ಕಣ್ಣಿಗೇ ಬೀಳುವುದಿಲ್ಲ.

42 ಬರೆದವರಿಗೆ ನಾನು ಕೆಂಪು ಗೆರೆ ಎಳೆಯುವುದಿಲ್ಲ. ಬೋರ್ಡಿನ ಹತ್ತಿರ ಕರೆದು, 'ಆ ವೇಗದಲ್ಲೇ ಒಂದೂವರೆ ಗಂಟೆ ಬಸ್ಸು ಓಡಿಸು' ಎನ್ನುತ್ತೇನೆ. ಕಳೆದ ಸಲ ಒಬ್ಬ ಹುಡುಗಿ 42ಕ್ಕೆ 21 ಕೂಡಿಸಿ, ಸೀಮೆಸುಣ್ಣ ಹಿಡಿದು ಹಾಗೇ ನಿಂತಳು.

'63 ಆಯ್ತಲ್ರಿ ಸರ್. ಬಸ್ಸು ಸುರಪುರ ದಾಟಿ ಮೂರು ಕಿಲೋಮೀಟರ್ ಹೋಗಿಬಿಡ್ತದ್ರಿ!'

'ಯಾಕ ಹಂಗಾತು?'

ಅವಳು ಬೋರ್ಡನ್ನೇ ನೋಡುತ್ತ ಇದ್ದಳು. 'ನಿಧಾನ ಹೋದದ್ದು ಒಂದು ತಾಸು, ಜೋರಾಗಿ ಹೋದದ್ದು ಅರ್ಧ ತಾಸು ಅಷ್ಟ ರೀ. ನಾ ಎರಡೂ ಸಮ ಹಿಡದೀನಿ.'

ಮುಂದಿನ ಹಾಳೆಗೆ ಇನ್ನೂ ಬಿಗಿಯಾದ ಪ್ರಶ್ನೆಯೊಂದು ಸಿದ್ಧವಿದೆ: ಶಹಾಪುರದಿಂದ ಸುರಪುರಕ್ಕೆ 48ರ ವೇಗದಲ್ಲಿ ಹೋಗಿ, ಅದೇ 24 ಕಿ.ಮೀ. ದಾರಿಯಲ್ಲಿ 24ರ ವೇಗದಲ್ಲಿ ಮರಳುವುದು. ದೂರ ಸಮ ಇದೆಯಲ್ಲ ಎಂದು 36 ಬರೆಯುವವರು ಎಷ್ಟು ಮಂದಿಯೋ. ಉತ್ತರ 32. ಆ ಹುಡುಗಿ ಏನು ಬರೆಯುತ್ತಾಳೆಂದು ಸೋಮವಾರಕ್ಕಾಗಿ ಕಾಯುತ್ತಿದ್ದೇನೆ.