ವಾರಬಂದಿ: ಕೊನೆಯ ಹೊಲದ ಪಾಲು

ಪಂಜಾಬ, ಹರಿಯಾಣ ಮತ್ತು ಉತ್ತರ ರಾಜಸ್ಥಾನದ ಕಾಲುವೆ ಸೀಮೆಯಲ್ಲಿ ನೀರಿನ ಸರದಿಗೆ 'ವಾರಬಂದಿ' ಎಂದು ಹೆಸರು. 'ವಾರ' ಎಂದರೆ ಸರದಿ, 'ಬಂದಿ' ಎಂದರೆ ಗೊತ್ತುಪಡಿಸುವುದು. ಸಂಸ್ಕೃತದ 'ವಾರ' ಶಬ್ದಕ್ಕೂ ಸರದಿಯೆಂಬ ಅರ್ಥವಿರುವುದನ್ನು ಕನ್ನಡಿಗರು ಇಲ್ಲಿ ನೆನೆಯಬಹುದು. ಸರದಿಯ ಜಗಳ ಬಂದಾಗ ಅಧಿಕಾರಿಯು ತೀರ್ಮಾನಿಸಬೇಕೆಂದು 1873ರ ಉತ್ತರ ಭಾರತ ಕಾಲುವೆ ಕಾಯಿದೆಯೇ ವಿಧಿಸಿತ್ತು.

ಒಂದು ತೂಬಿನ ಕೆಳಗಿನ ರೈತರೆಲ್ಲರಿಗೂ ವಾರದ 168 ಗಂಟೆಗಳೇ ಆಸ್ತಿ. ಜಮೀನಿನ ಅಳತೆಯಂತೆ ಅದನ್ನು ಹಂಚುತ್ತಾರೆ. ತನ್ನ ಪಾಳಿಯಲ್ಲಿ ರೈತನು ಕಾಲುವೆಯ ಇಡೀ ಹರಿವನ್ನು ಒಬ್ಬನೇ ಪಡೆಯುತ್ತಾನೆ. ಕೇಳುವುದಕ್ಕೆ ಇದು ಬರಿಯ ಭಾಗಾಕಾರ. ಆದರೆ ಒಣಗಿದ ಹೊಲಗಾಲುವೆ ತುಂಬುವುದಕ್ಕೆ ಹಿಡಿಯುವ ಹೊತ್ತು ಯಾರ ಲೆಕ್ಕಕ್ಕೆ? ಈ ಹೊತ್ತನ್ನು 'ಭರಾಯಿ' ಎನ್ನುತ್ತಾರೆ. ಮೇಲ್ಗಡೆ ನೀರನ್ನು ತಿರುಗಿಸಿಕೊಂಡ ಮೇಲೂ ಕಾಲುವೆಯಲ್ಲಿ ಉಳಿದ ನೀರು ಕೆಳಗಿನ ಹೊಲಕ್ಕೇ ಇಳಿಯುತ್ತದೆ, ಅದು 'ಝರಾಯಿ'.

ಒಂದು ತೂಬಿಗೆ 332 ಎಕರೆ ಸೇರಿದೆ ಎಂದುಕೊಳ್ಳೋಣ. ಭರಾಯಿಗೆ ಒಟ್ಟು 3 ಗಂಟೆ, ಝರಾಯಿಗೆ 1 ಗಂಟೆ. 168ರಲ್ಲಿ 3 ಕಳೆದು 1 ಕೂಡಿಸಿದರೆ 166 ಗಂಟೆ, ಅಂದರೆ ಎಕರೆಗೆ ಅರ್ಧ ಗಂಟೆ. ಕೊನೆಯಲ್ಲಿ 8 ಎಕರೆ ಇರುವವನಿಗೆ 4 ಗಂಟೆ ಸಲ್ಲಬೇಕು. ಝರಾಯಿಯ ನೀರು ಅವನಿಗೇ ಸಿಗುವುದರಿಂದ ಅದರಲ್ಲಿ ಒಂದು ಗಂಟೆ ಕಳೆಯುತ್ತಾರೆ. ತನ್ನ ಭಾಗದ ಕಾಲುವೆ ತುಂಬುವುದಕ್ಕೆ 20 ನಿಮಿಷ ಕೂಡಿಸುತ್ತಾರೆ. ಪಟ್ಟಿಯಲ್ಲಿ ಅವನ ಪಾಲು 3 ಗಂಟೆ 20 ನಿಮಿಷ.

ರಾತ್ರಿಯ ಪಾಳಿ ಯಾರಿಗೂ ಬೇಡ. ಆದ್ದರಿಂದ ಪ್ರತಿವರ್ಷ ಇಡೀ ಪಟ್ಟಿಯನ್ನು 12 ಗಂಟೆ ಸರಿಸುವ ರೂಢಿಯಿದೆ. ಈ ವರ್ಷ ನಡುರಾತ್ರಿ ಲಾಟೀನು ಹಿಡಿದವನು ಮುಂದಿನ ವರ್ಷ ಹಗಲಿನಲ್ಲಿ ನೀರು ಕಟ್ಟುತ್ತಾನೆ. ಬಹಳ ಚೆಲುವಾದ ಏರ್ಪಾಟು.

ಆದರೂ ಗಡಿಯಾರ ಅಳೆಯುವುದು ಹೊತ್ತನ್ನು, ನೀರನ್ನಲ್ಲ. ಮಣ್ಣಿನ ಕಾಲುವೆಯಲ್ಲಿ ದಾರಿಯುದ್ದಕ್ಕೂ ನೀರು ಇಂಗುತ್ತದೆ. ಅದೇ ಅರ್ಧ ಗಂಟೆಯಲ್ಲಿ ತಲೆಯ ಹೊಲದ ಎಕರೆ ನೆನೆದರೆ ಕೊನೆಯ ಹೊಲದಲ್ಲಿ ಮೂಲೆ ಒಣಗಿಯೇ ಉಳಿಯುತ್ತದೆ. ಪಟ್ಟಿಯು ಈ ನಷ್ಟವನ್ನು ತುಂಬಿಕೊಡುವುದಿಲ್ಲ. ಪಾಳಿಯ ಹೊತ್ತಿಗೆ ಕಾಲುವೆಯೇ ನಿಂತುಹೋದರೆ ಆ ವಾರದ ಸರದಿಯೂ ಹೋದಂತೆಯೇ. ಮುಂದಿನವನು ತನ್ನ ಗಂಟೆಗಳನ್ನು ಬಿಟ್ಟುಕೊಡಬೇಕಾಗಿಲ್ಲ.

ಕರ್ನಾಟಕದ ತುಂಗಭದ್ರಾ ಎಡದಂಡೆಯಲ್ಲಿ ತೊಡಕು ಇನ್ನೂ ಮೇಲಿನದು. ಮಿತನೀರಿನ ಬೆಳೆಗಳಿಗೆಂದು ಯೋಜಿಸಿದ ನೆಲದಲ್ಲಿ ಮೇಲ್ಭಾಗದವರು ಭತ್ತ ನಾಟಿ ಮಾಡಿದ್ದಾರೆ. ವಾರಬಂದಿಯ ಲೆಕ್ಕವೆಲ್ಲ ವಿತರಣಾ ಕಾಲುವೆ ತುಂಬಿ ಹರಿಯುತ್ತದೆಂಬ ಊಹೆಯ ಮೇಲೆ ನಿಂತಿದೆ. ಕೊನೆಯ ಭಾಗದಲ್ಲಿ ಆ ತುಂಬು ಹರಿವೇ ಅಪರೂಪ.