ಹತ್ತರಲ್ಲಿ ಏಳು

ಈ ಸಲ ಬೇಮಳಖೇಡಕ್ಕೆ ಹೋದಾಗ ಕಾಕಾನ ಮಗ ತನ್ನ ಆಪ್ಷನ್ ವಹಿವಾಟು ಬರೆದಿಟ್ಟ ನೋಟ್‌ಬುಕ್ ನನ್ನ ಮುಂದಿಟ್ಟ. "ಅಣ್ಣಾ, ಹತ್ತರಾಗ ಏಳು ಸಲ ನಂದೇ ಖರೇ ಆಗ್ತದ. ಆದ್ರೂ ರೊಕ್ಕ ಯಾಕ ಕಮ್ಮಿ ಆಗ್ಲಿಕತ್ತದ?"

ನಾನು ಪಿಎಚ್‌ಡಿ ವಿದ್ಯಾರ್ಥಿ ಎಂಬ ಕಾರಣಕ್ಕೆ ಮನೆಯ ಲೆಕ್ಕಗಳೆಲ್ಲ ನನ್ನ ಬಳಿ ಬರುತ್ತವೆ. ಇದು ಮಾತ್ರ ನನ್ನನ್ನು ರಾತ್ರಿಯವರೆಗೂ ಕೂರಿಸಿತು. ಪುಸ್ತಕದಲ್ಲಿ 40 ವಹಿವಾಟುಗಳಿದ್ದವು. ₹500 ಲಾಭ ಕಂಡ ಕೂಡಲೇ ಅವನು ಹೊರಬರುತ್ತಿದ್ದ. ನಷ್ಟವಾದರೆ ₹1500ರವರೆಗೆ ಕಾಯುತ್ತಿದ್ದ. 28 ಗೆಲುವಿನಿಂದ ₹14,000 ಬಂದಿತ್ತು, 12 ಸೋಲಿನಿಂದ ₹18,000 ಹೋಗಿತ್ತು. ಕಳೆದುಕೊಂಡದ್ದು ₹4,000, ಅಂದರೆ ವಹಿವಾಟಿಗೆ ₹100. ಗೆಲುವಿನ ಪ್ರಮಾಣವನ್ನು ಸರಾಸರಿ ಲಾಭದಿಂದ ಗುಣಿಸಿ, ಸೋಲಿನ ಪ್ರಮಾಣವನ್ನು ಸರಾಸರಿ ನಷ್ಟದಿಂದ ಗುಣಿಸಿ, ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಸಿಗುವುದೇ ಈ ನಿರೀಕ್ಷಿತ ಫಲ.

ನನಗೆ ಹೆಚ್ಚು ಕಾಡಿದ್ದು ಆ 'ಹತ್ತರಲ್ಲಿ ಏಳು'. ಬೆಲೆ ಗೊತ್ತುಗುರಿಯಿಲ್ಲದೆ ಮೇಲೆ ಕೆಳಗೆ ಆಡುತ್ತಿದೆ ಎಂದುಕೊಳ್ಳಿ. ಲಾಭದ ಗೆರೆ 500 ದೂರದಲ್ಲಿ, ನಷ್ಟದ ಗೆರೆ 1500 ದೂರದಲ್ಲಿದ್ದರೆ, ಹತ್ತಿರದ ಗೆರೆಯನ್ನು ಮೊದಲು ಮುಟ್ಟುವ ಸಾಧ್ಯತೆ 2000ಕ್ಕೆ 1500, ಅಂದರೆ 75%. ಏನೂ ತಿಳಿಯದವನೂ ನಾಲ್ಕರಲ್ಲಿ ಮೂರು ಸಲ ಗೆಲ್ಲುತ್ತಾನೆ, ಕೊನೆಗೆ ಕೈಯಲ್ಲಿ ಸೊನ್ನೆ ಉಳಿಯುತ್ತದೆ. ತಮ್ಮ ತನ್ನ ಜಾಣತನ ಎಂದುಕೊಂಡದ್ದು ಅವನೇ ಎಳೆದ ಗೆರೆಗಳ ಫಲವಾಗಿತ್ತು.

"ಹಂಗಾದ್ರ ಉಲ್ಟಾ ಮಾಡ್ತೀನಿ. ನಷ್ಟ 500, ಲಾಭ 1000" ಎಂದ. ಆಗ ಮೂರರಲ್ಲಿ ಒಂದು ಗೆದ್ದರೆ ಸಾಕು, ನಿಜ. ಆದರೆ ದೂರದ ಗೆರೆಯನ್ನು ಮೊದಲು ಮುಟ್ಟುವ ಸಾಧ್ಯತೆಯೂ ಮೂರರಲ್ಲಿ ಒಂದೇ. ಅನುಪಾತ ಬದಲಾದರೆ ಗೆಲುವಿನ ಪ್ರಮಾಣವೂ ಅದರ ಜೊತೆಗೇ ಸರಿಯುತ್ತದೆ. ತಕ್ಕಡಿಯ ಒಂದು ತಟ್ಟೆ ಒತ್ತಿದರೆ ಇನ್ನೊಂದು ಏಳುವಂತೆ.

ಆ ಸೊನ್ನೆಯೂ ಉಳಿಯುವುದಿಲ್ಲ, ಏಕೆಂದರೆ ದಲ್ಲಾಳಿ ಮತ್ತು ತೆರಿಗೆಯ ಖರ್ಚಿದೆ. ಒಂದು ವಹಿವಾಟಿಗೆ ₹60 ಎಂದಿಟ್ಟುಕೊಂಡರೆ ತಮ್ಮನ ಲಾಭ 440, ನಷ್ಟ 1560 ಆಗುತ್ತದೆ; ಲಾಭನಷ್ಟವಿಲ್ಲದೆ ಹೊರಬರಲು 78% ಗೆಲ್ಲಬೇಕು. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ 93% ವೈಯಕ್ತಿಕ ವಹಿವಾಟುದಾರರು ನಷ್ಟ ಅನುಭವಿಸಿದ್ದಾರೆ ಎಂದು ಸೆಬಿಯ ಅಧ್ಯಯನ ಹೇಳಿದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ.

ಹಾಗಾದರೆ ಒಂದು ತಂತ್ರದಲ್ಲಿ ಹುರುಳಿದೆಯೆಂದು ತಿಳಿಯುವುದು ಹೇಗೆ? ಅಂದುಕೊಂಡ ಗೆರೆಗಳನ್ನಲ್ಲ, ನಿಜವಾಗಿ ಆದ ಲಾಭನಷ್ಟದ ಸರಾಸರಿಯನ್ನು ತೆಗೆದುಕೊಳ್ಳಬೇಕು. ಬೆಲೆ ಗೆರೆ ಹಾರಿ ಬಿದ್ದಾಗ ನಷ್ಟ ಹೆಚ್ಚಿರುತ್ತದೆ. ಖರ್ಚು ಸೇರಿಸಿ, ಎಷ್ಟು ಗೆದ್ದರೆ ಸೊನ್ನೆ ಎಂದು ನೋಡಬೇಕು. ನಮ್ಮ ಗೆಲುವು ಅದಕ್ಕಿಂತ ಮೇಲಿರಬೇಕು, ಅದೂ ನೂರಾರು ವಹಿವಾಟುಗಳಲ್ಲಿ. ನಲವತ್ತರಲ್ಲಿ 28 ಬಂದರೂ 32 ಬಂದರೂ ಅದು ಬರೀ ಅದೃಷ್ಟವಿರಬಹುದು.