ಒಂದು ಪುಟದಲ್ಲಿ ಲ್ಯಾಬ್ ಅಣ್ಣ

ಮೇ ತಿಂಗಳ ಕೊನೆಯ ವಾರ ಜಯನಗರ ನಾಲ್ಕನೇ ಬ್ಲಾಕಿನ ಕಡೆ ಹೋದರೆ ಮೈಸೂರು ಪೇಟ, ಶಾಲು, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ ಹಿಡಿದು ಆಟೋ ಹತ್ತುವವರು ಒಬ್ಬಿಬ್ಬರಾದರೂ ಕಣ್ಣಿಗೆ ಬೀಳುತ್ತಾರೆ. ಅದಕ್ಕೆ ಕಾರಣ ನಮ್ಮ ಹಳೆಯ ಶಾಲೆಗಳ ದಾಖಲಾತಿ ಪುಸ್ತಕದಲ್ಲಿದೆ. ಮಗನನ್ನು ಒಂದನೇ ತರಗತಿಗೆ ಸೇರಿಸಲು ಕರೆತಂದ ಅಪ್ಪನಿಗೆ ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಮೇಷ್ಟ್ರು ಹುಡುಗನ ಮುಖ ನೋಡಿ, ವರ್ಷ ಅಂದಾಜು ಮಾಡಿ, ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ನಮ್ಮ ರಾಜ್ಯದಲ್ಲಿ ನೌಕರರಿಗೆ ಅರವತ್ತು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ. ಒಂದನೇ ತಾರೀಖು ಹುಟ್ಟಿದವರಿಗೆ ಮಾತ್ರ ಹಿಂದಿನ ತಿಂಗಳ ಕೊನೆಯ ದಿನ. ಆ ಮೇಷ್ಟ್ರುಗಳು ಬರೆದಿಟ್ಟ ಮಕ್ಕಳೆಲ್ಲ ಹೀಗೆ ಮೇ 31ರ ಅಪರಾಹ್ನ ಒಟ್ಟಿಗೆ ಕಚೇರಿಯ ಮೆಟ್ಟಿಲು ಇಳಿಯುತ್ತಾರೆ.

ನಮ್ಮ ಕಾಲೇಜಿನ ಭೌತವಿಜ್ಞಾನ ಪ್ರಯೋಗಾಲಯದ ಅಟೆಂಡರ್ ಕೂಡ ಜೂನ್ 1ರವರೇ. ಮೂವತ್ತೆಂಟು ವರ್ಷದ ಸೇವೆ. ವಿದ್ಯಾರ್ಥಿಗಳಿಗೂ ನಮಗೂ ಅವರು ಲ್ಯಾಬ್ ಅಣ್ಣ. ಅವರು ಕೆಲಸಕ್ಕೆ ಸೇರಿದಾಗ ಕೋಣನಕುಂಟೆಯ ಮನೆಯಿಂದ ಬಿಟಿಎಸ್ ಬಸ್ಸಿನಲ್ಲಿ ಬರುತ್ತಿದ್ದರು. 1997ರಲ್ಲಿ ಅದು ಬಿಎಂಟಿಸಿ ಆಯಿತು. 2021ರ ಜನವರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಕೋಣನಕುಂಟೆ ಕ್ರಾಸ್ ದಾಟಿ ಹೋದ ಮೇಲೆ ಮೆಟ್ರೊ ಹಿಡಿದರು. ಪ್ರಯಾಣ ಚಿಕ್ಕದಾಯಿತು. ಅವರು ಮಾತ್ರ ಬೇಗ ಬರುವುದನ್ನು ಬಿಡಲಿಲ್ಲ.

ಬೀಳ್ಕೊಡುಗೆಯ ಬಿನ್ನವತ್ತಳೆ ಬರೆಯುವ ಕೆಲಸ ನನಗೆ ಬಂತು. ಒಂದೇ ಪುಟ. ಪ್ರಿನ್ಸಿಪಾಲರು ಓದುತ್ತಾರೆ, ಆಮೇಲೆ ಕಟ್ಟು ಹಾಕಿಸಿ ಕೊಡುತ್ತಾರೆ. ಡಿಟಿಪಿ ಅಂಗಡಿಯವರ ಬಳಿ ಇದಕ್ಕೊಂದು ಮಾದರಿ ಸಿದ್ಧವಾಗಿರುತ್ತದೆ. ಸುತ್ತ ಬಳ್ಳಿಯ ಅಂಚು, ಮೇಲೆ ಸರಸ್ವತಿ, ಒಳಗೆ ಮೃದುಭಾಷಿ, ಅಜಾತಶತ್ರು, ಕರ್ತವ್ಯನಿಷ್ಠ, ಸರಳ ಸಜ್ಜನಿಕೆಯ ಸಾಕಾರಮೂರ್ತಿ. ಕೊನೆಗೆ ಆಯುರಾರೋಗ್ಯದ ಹಾರೈಕೆ. ಹೆಸರು, ಹುದ್ದೆ, ವರ್ಷ ತುಂಬಿದರೆ ಮುಗಿಯಿತು. ಆ ಮಾತುಗಳಲ್ಲಿ ಸುಳ್ಳೇನೂ ಇಲ್ಲ. ಅಣ್ಣ ಮೃದುಭಾಷಿ ನಿಜ, ಅವರಿಗೆ ಶತ್ರುಗಳಿಲ್ಲದಿರುವುದೂ ನಿಜ. ಆದರೆ ಅದೇ ಪುಟವನ್ನು ಮರುದಿನ ಬೇರೆ ಕಚೇರಿಯಲ್ಲಿ ಬೇರೊಬ್ಬರ ಮುಂದೆ ಓದಬಹುದಾದರೆ ಅದರಿಂದ ನಮ್ಮ ಅಣ್ಣನಿಗೆ ಸಂದದ್ದೇನು? ಇನ್ನೊಬ್ಬರಿಗೆ ಹೊಂದುವ ಒಂದು ವಾಕ್ಯವೂ ಇರಬಾರದು ಎಂದುಕೊಂಡೆ. ನನ್ನಂಥ ಮೇಷ್ಟ್ರಿಗೆ ಅದು ದೊಡ್ಡ ಪರೀಕ್ಷೆ.

ಮೊದಲು ಕಚೇರಿಯಲ್ಲಿ ಅವರ ಸೇವಾ ಪುಸ್ತಕ ನೋಡಿದೆ. ನೇಮಕಾತಿ ಆದೇಶ, ವಾರ್ಷಿಕ ವೇತನ ಬಡ್ತಿ, ವೇತನ ನಿಗದಿ, ರಜೆಯ ಲೆಕ್ಕ, ಮತ್ತೆ ವಾರ್ಷಿಕ ವೇತನ ಬಡ್ತಿ. ರಜೆಯ ಪುಟ ಒಂದು ಮಾತು ಹೇಳಿತು. ನಿವೃತ್ತಿಯಲ್ಲಿ ನಗದು ಮಾಡಿಕೊಳ್ಳಬಹುದಾದ ಗಳಿಕೆ ರಜೆಗೆ 300 ದಿನದ ಮಿತಿಯಿದೆ. ಅಣ್ಣನ ಖಾತೆ ಆ ಮಿತಿ ಮುಟ್ಟಿ ಎಷ್ಟೋ ವರ್ಷವಾಗಿತ್ತು. ಆಮೇಲೆ ಗಳಿಸಿದ್ದನ್ನು ಅವರು ಬಳಸಿಕೊಳ್ಳಲೂ ಇಲ್ಲ, ಅದು ಹಣವಾಗಿ ಬರುವಂತೆಯೂ ಇರಲಿಲ್ಲ. ಇಷ್ಟು ಬಿಟ್ಟರೆ ಅವರು ಯಾವ ಕೆಲಸ ಮಾಡುತ್ತಿದ್ದರು ಎಂಬುದಕ್ಕೆ ಆ ದಪ್ಪ ಪುಸ್ತಕದಲ್ಲಿ ಒಂದು ಸಾಲೂ ಸಿಗಲಿಲ್ಲ. ಅದರ ಉದ್ದೇಶವೇ ಬೇರೆ, ಅದನ್ನು ದೂರಿ ಫಲವಿಲ್ಲ.

ಹಾಗಾಗಿ ತರಗತಿ ಶುರುವಾಗುವ ಮೊದಲೇ ಲ್ಯಾಬಿಗೆ ಹೋಗಿ ಒಂದು ಸ್ಟೂಲಿನ ಮೇಲೆ ಕುಳಿತೆ. ‘ಏನ್ ಸರ್, ಇಷ್ಟೊತ್ತಿಗೇ?’ ಅಂದರು. ‘ಸುಮ್ಮನೆ ಅಣ್ಣ, ನಿಮ್ಮ ಕೆಲಸ ನೀವು ಮಾಡ್ಕೊಳ್ಳಿ’ ಅಂದೆ.

ಮೊದಲು ಕತ್ತಲೆ ಕೋಣೆಗೆ ಹೋಗಿ ಸೋಡಿಯಂ ದೀಪಗಳ ಸ್ವಿಚ್ ಹಾಕಿದರು. ಹೊತ್ತಿಸಿದ ಕೂಡಲೇ ಅದು ಹಳದಿಯಾಗಿ ಉರಿಯುವುದಿಲ್ಲ. ಒಳಗಿರುವ ನಿಯಾನ್ ಅನಿಲ ಮೊದಲು ಗುಲಾಬಿಗೆಂಪಾಗಿ ಹೊಳೆಯುತ್ತದೆ. ಆ ಬಿಸಿಗೆ ಸೋಡಿಯಂ ಆವಿಯಾಗಿ ಪೂರ್ತಿ ಹಳದಿ ಬರಲು ಹತ್ತು ನಿಮಿಷವಾದರೂ ಬೇಕು. ಗಂಟೆ ಹೊಡೆದು ಹುಡುಗರು ಸ್ಪೆಕ್ಟ್ರೋಮೀಟರ್ ಮುಂದೆ ನಿಲ್ಲುವಾಗ ಬೆಳಕು ಸಿದ್ಧವಿರುತ್ತಿತ್ತು. ಇಷ್ಟು ವರ್ಷ ಪಾಠ ಹೇಳಿದ ನಾನು ಆ ದೀಪ ಗುಲಾಬಿ ಬಣ್ಣದಲ್ಲಿರುವುದನ್ನು ನಮ್ಮ ಲ್ಯಾಬಿನಲ್ಲಿ ನೋಡಿದ್ದೇ ಕಡಿಮೆ.

ಆಮೇಲೆ ಬ್ಯಾಟರಿಗಳು. ಈಗ ಬಹುಪಾಲು ಮೇಜುಗಳ ಮೇಲೆ ಎಲಿಮಿನೇಟರ್ ಬಂದಿದೆ. ಆದರೂ ಕೆಲವು ಸೀಸ-ಆಮ್ಲದ ಸೆಲ್ಲುಗಳನ್ನು ಅಣ್ಣ ಉಳಿಸಿಕೊಂಡಿದ್ದರು. ಹೈಡ್ರೋಮೀಟರ್ ಇಳಿಸಿ ಸಾಂದ್ರತೆ ನೋಡುವುದು, 1.25ರ ಆಸುಪಾಸಿದ್ದರೆ ಬಿಡುವುದು, 1.15ರ ಕಡೆ ಇಳಿದಿದ್ದರೆ ಚಾರ್ಜಿಗಿಡುವುದು, ಮಟ್ಟ ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕುವುದು. ಆವಿಯಾಗಿ ಹೋಗುವುದು ನೀರು, ಆಮ್ಲವಲ್ಲ. ಖಾಲಿ ಸೆಲ್ಲನ್ನು ಹಾಗೇ ಬಿಟ್ಟರೆ ತಟ್ಟೆಗಳು ಬೆಳ್ಳಗೆ ಗಟ್ಟಿಯಾಗಿ ಮತ್ತೆ ಚಾರ್ಜೇ ಹಿಡಿಯುವುದಿಲ್ಲ. ಅದಕ್ಕೇ ಬೇಸಿಗೆ ರಜೆಯಲ್ಲೂ ಅವರು ನಡುವೆ ಬಂದು ಚಾರ್ಜ್ ಮಾಡಿ ಹೋಗುತ್ತಿದ್ದರು. ರಜೆಯ ಪುಟ ಯಾಕೆ ಹಾಗಿತ್ತು ಎಂಬುದು ಆಗ ಅರ್ಥವಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮೀಟರ್ ಬ್ರಿಡ್ಜ್. ವಿಜ್ಞಾನ ಓದಿದವರಿಗೆಲ್ಲ ಅದು ನೆನಪಿರುತ್ತದೆ. ಉದ್ದನೆಯ ಮರದ ಹಲಗೆ, ಅದರ ಮೇಲೆ ಬಿಗಿದ ಒಂದು ಮೀಟರ್ ತಂತಿ, ಎರಡು ಗ್ಯಾಪ್. ಒಂದರಲ್ಲಿ ಗೊತ್ತಿರುವ ರೋಧ, ಇನ್ನೊಂದರಲ್ಲಿ ಗೊತ್ತಿಲ್ಲದ್ದು. ಜಾಕಿಯನ್ನು ತಂತಿಯ ಮೇಲೆ ಅಲ್ಲಲ್ಲಿ ಒತ್ತುತ್ತ ಹೋದರೆ ಒಂದು ಕಡೆ ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ನಿಲ್ಲುತ್ತದೆ. ಆ ಜಾಗದಿಂದ ಲೆಕ್ಕ. ತಂತಿ ಉದ್ದಕ್ಕೂ ಒಂದೇ ದಪ್ಪ ಇದ್ದರೆ ಮಾತ್ರ ಲೆಕ್ಕ ಸರಿ. ಹುಡುಗರು ಅವಸರದಲ್ಲಿ ಜಾಕಿಯನ್ನು ಒತ್ತಿ ಎತ್ತುವ ಬದಲು ತಂತಿಯ ಮೇಲೆ ಎಳೆದುಕೊಂಡೇ ಹೋಗುತ್ತಾರೆ. ಬಿಂದು ಸಿಗುವುದು ಸಾಮಾನ್ಯವಾಗಿ ನಡುಭಾಗದಲ್ಲಿ, ಸವೆಯುವುದೂ ಅಲ್ಲೇ.

ಅಣ್ಣ ಪ್ರತಿ ಬ್ರಿಡ್ಜಿಗೂ ಎರಡು ಗ್ಯಾಪಿನಲ್ಲಿ ಹತ್ತು ಹತ್ತು ಓಮಿನ ಪೆಟ್ಟಿಗೆ ಜೋಡಿಸಿ ಮುಳ್ಳು ನೋಡುತ್ತ ಬಂದರು. ಸಮ ರೋಧಗಳು, ಬಿಂದು 50 ಸೆಂಟಿಮೀಟರಿನಲ್ಲಿ ಸಿಗಬೇಕು. ಮೂರನೇ ಬ್ರಿಡ್ಜಿನಲ್ಲಿ 51.5 ಬಂತು. ನಾನಾಗಿದ್ದರೆ ‘ತಂತಿ ಹೋಗಿದೆ’ ಎಂದು ತೀರ್ಮಾನಿಸುತ್ತಿದ್ದೆನೇನೋ. ಅವರು ಪೆಟ್ಟಿಗೆಗಳನ್ನು ಅದಲುಬದಲು ಮಾಡಿ ಮತ್ತೆ ನೋಡಿದರು. ಈಗ 48.5. ‘ಬ್ರಿಡ್ಜ್ ಚೆನ್ನಾಗಿದೆ ಸರ್, ಪೆಟ್ಟಿಗೆ ಸರಿ ಇಲ್ಲ’ ಅಂದರು. ದೋಷ ಬ್ರಿಡ್ಜಿನಲ್ಲೇ ಇದ್ದಿದ್ದರೆ ಪೆಟ್ಟಿಗೆ ಬದಲಿಸಿದರೂ 51.5 ಅಲ್ಲೇ ಇರಬೇಕಿತ್ತು. ಪೆಟ್ಟಿಗೆಯ ಜೊತೆಗೆ ಅದೂ ಮಗ್ಗುಲು ಬದಲಿಸಿತೆಂದರೆ ತಪ್ಪು ಪೆಟ್ಟಿಗೆಯದು. ಒಂದೊಂದೇ ಹಿತ್ತಾಳೆ ಪ್ಲಗ್ ಮುಟ್ಟಿ ನೋಡಿ, ಸಡಿಲವಾಗಿದ್ದ ಒಂದನ್ನು ತೆಗೆದು ಒರೆಸಿ, ಒತ್ತಿ ತಿರುವಿ ಕೂರಿಸಿದರು. ಮುಳ್ಳು 50ಕ್ಕೆ ಬಂತು.

ಎಸ್ಸೆಸ್ಸೆಲ್ಸಿ ಓದಿದವರು ಅವರು. ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಯಾರೂ ಇಲ್ಲವಂತೆ. ಸೇರಿದ ಹೊಸದರಲ್ಲಿ ಒಬ್ಬ ಹುಡುಗನ ಉತ್ತರ ತಪ್ಪಾಗಿ ಬಂದು ಮೇಷ್ಟ್ರು ಅವನನ್ನು ಬೈದರಂತೆ. ಹುಡುಗ ಎಲ್ಲ ಸರಿಯಾಗಿ ಮಾಡಿದ್ದನ್ನು ಇವರು ಪಕ್ಕದಲ್ಲೇ ನಿಂತು ನೋಡಿದ್ದರು. ತಪ್ಪು ಎಲ್ಲಿತ್ತು ಎಂದು ಸಂಜೆ ಒಬ್ಬರೇ ಕುಳಿತು ಒಂದೊಂದನ್ನೇ ಬದಲಿಸುತ್ತ ಹುಡುಕಿದರು. ‘ಮಕ್ಕಳಿಗೆ ಯಾಕೆ ಸರ್ ನಮ್ಮ ಪೆಟ್ಟಿಗೆ ತಪ್ಪಿಗೆ ಬೈಗುಳ?’ ಅಂದರು. ಭೌತವಿಜ್ಞಾನದಲ್ಲಿ ದೋಷವನ್ನು ಬೇರ್ಪಡಿಸುವ ಕ್ರಮವೆಂದು ನಾವು ಕಲಿಸುವುದು ಇದನ್ನೇ. ಅವರು ಅದಕ್ಕೆ ಬಂದ ದಾರಿ ಮಾತ್ರ ನಮಗಿಂತ ಒಳ್ಳೆಯದು ಎಂದು ನನಗೆ ಅನ್ನಿಸಿತು.

ಡಿವಿಜಿಯವರ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಮೈಸೂರಿನ ದಿವಾನರಿಗೆ ಒಂದು ಸಂಪುಟ, ಹೃದಯ ಸಂಪನ್ನರಿಗೂ ಒಂದು ಸಂಪುಟ. ಇಬ್ಬರಿಗೂ ಒಂದೇ ಚಿತ್ರಶಾಲೆ. ಬಸವನಗುಡಿಯಲ್ಲಿ ಬಾಳಿದ ಆ ಹಿರಿಯರು ಕಟ್ಟಿಕೊಟ್ಟ ಸಂಪ್ರದಾಯ ಇದು. ಅಟೆಂಡರಿಗೆ ಬರೆಯುವ ಪುಟಕ್ಕೆ ಪ್ರಿನ್ಸಿಪಾಲರಿಗೆ ಬರೆಯುವ ಪುಟಕ್ಕಿಂತ ಕಡಿಮೆ ಶ್ರಮ ಸಾಕು ಎಂದುಕೊಳ್ಳುವವರಿಗೆ ಆ ಸಂಪುಟಗಳನ್ನು ತೋರಿಸಬೇಕು.

ಬಿನ್ನವತ್ತಳೆ ಹೀಗೆ ಆಯಿತು. ಸೋಡಿಯಂ ದೀಪದ ಹತ್ತು ನಿಮಿಷ, ಬೇಸಿಗೆಯ ಚಾರ್ಜು, ಹತ್ತು ಓಮಿನ ಪರೀಕ್ಷೆ, ಅದಲುಬದಲು ಮಾಡಿದಾಗ ಏನು ಕಂಡರೆ ಏನರ್ಥ, ಜೂನ್‌ಗೆ ಮುಂಚೆ ಸವೆದ ತಂತಿಗಳನ್ನು ಬದಲಿಸುವ ಪದ್ಧತಿ. ಜೊತೆಗೆ ಆ ಹುಡುಗನ ಪ್ರಸಂಗ. ಪುಟ ಒಂದಕ್ಕೆ ಮುಗಿಯಲಿಲ್ಲ, ಅಕ್ಷರ ಚಿಕ್ಕದು ಮಾಡಿಸಿದೆ. ಮೃದುಭಾಷಿ ಎಂಬುದಕ್ಕೆ ಜಾಗವಾಗಲಿಲ್ಲ. ಪ್ರಿನ್ಸಿಪಾಲರು ಓದಿ, ‘ಇದು ಲ್ಯಾಬ್ ಮ್ಯಾನುಯಲ್ ಥರ ಇದೆಯಲ್ಲ ಮೇಷ್ಟ್ರೇ’ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇರಲಿ, ಇದನ್ನೇ ಓದ್ತೀನಿ’ ಅಂದರು. ಇನ್ನೊಂದು ಪ್ರತಿಯನ್ನು ಲ್ಯಾಬಿನ ಸ್ಟಾಕ್ ರಿಜಿಸ್ಟರಿನ ಮೊದಲ ಪುಟಕ್ಕೆ ಅಂಟಿಸಲು ಅನುಮತಿ ಕೇಳಿದೆ. ಕೊಟ್ಟರು. ಅಣ್ಣನ ಜಾಗಕ್ಕೆ ಗುತ್ತಿಗೆಯ ಮೇಲೆ ಬರುವ ಹುಡುಗನಿಗೆ ಇದನ್ನೆಲ್ಲ ಹೇಳಿಕೊಡಲು ನಮ್ಮಲ್ಲಿ ಬೇರೆ ಯಾರಿದ್ದಾರೆ?

ಅಚ್ಚಿಗೆ ಕೊಡುವ ಮೊದಲು ಅಣ್ಣನಿಗೇ ತೋರಿಸಿದೆ. ಹಾಗೆ ತೋರಿಸುವ ರೂಢಿಯಿಲ್ಲ. ಆದರೆ ಕೆಲಸದ ವಿಷಯ, ಅವರು ನೋಡದೆ ಅಚ್ಚಾಗಬಾರದು. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಹುಡುಗನ ಪ್ರಸಂಗ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಪ್ಲಗ್ಗಿನ ಸಾಲಿಗೆ ಬಂದು ಬೆರಳಿಟ್ಟರು.

‘ಇಲ್ಲಿ ಒಂದು ಮಾತು ಸೇರಿಸಿ ಸರ್. ಪ್ಲಗ್ ಒರೆಸೋದು ಸ್ಪಿರಿಟ್ ಹಚ್ಚಿದ ಬಟ್ಟೇಲಿ ಮಾತ್ರ ಅಂತ. ಹೊಸಬ್ರು ಫಳಫಳ ಅನ್ಲಿ ಅಂತ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿಬಿಡ್ತಾರೆ. ಪ್ಲಗ್ಗಿನ ಇಳಿಜಾರು ಹೋದ್ರೆ ಆಮೇಲೆ ಜನ್ಮದಲ್ಲಿ ಬಿಗಿಯಾಗಿ ಕೂರಲ್ಲ.’

ಸೇರಿಸಿದೆ. ಮೇ 31ರ ಮಧ್ಯಾಹ್ನ ಪೇಟ ತೊಡಿಸಿ, ಹಾರ ಹಾಕಿ ಆದ ಮೇಲೆ, ಪ್ರಿನ್ಸಿಪಾಲರು ಸಭೆಯಲ್ಲಿ ಸ್ಪಿರಿಟ್ಟಿನ ಆ ಸಾಲನ್ನೂ ಬಿಡದೆ ಓದಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಹಳೆಯ ವಿದ್ಯಾರ್ಥಿಗಳ ಚಪ್ಪಾಳೆ ಎಲ್ಲಕ್ಕಿಂತ ಜೋರಾಗಿ ಬಂದದ್ದು ಆ ಸಾಲಿಗೆ.